ಗೋಮಾತೆಯೂ ಎರಡನೇ ಮಹಡಿಯೂ

ನನ್ನ ಮುಂದೆ ಹೋಗುತ್ತಿದ್ದ ಸ್ಕೂಟರಿನವನು ತಿರುವಿನಲ್ಲಿ ಇದ್ದಕ್ಕಿದ್ದಂತೆ ನಿಧಾನ ಮಾಡಿದ. ನಾನು ಬ್ರೇಕ್ ಅದುಮಿದೆ. ಹಿಂದಿನ ಆಟೋದವನು ನನ್ನ ವಂಶವನ್ನೇ ಬೈದ. ನೋಡಿದರೆ ಎಡಗಡೆ ಆಂಜನೇಯನ ಗುಡಿ. ಎಡಗೈಯಲ್ಲಿ ದೇವರಿಗೆ ಕೈ ಮುಗಿಯುವುದುಂಟೇ? ಆಕ್ಸಿಲರೇಟರ್ ಇರುವುದೋ ಬಲಗೈಯಲ್ಲಿ. ಹಾಗಾಗಿ ಗುಡಿ ಬಂದಾಗಲೆಲ್ಲ ಬಲಗೈ ಎದೆಗೆ ಹೋಗುತ್ತದೆ, ಎದೆಯಿಂದ ತುಟಿಗೆ, ಮತ್ತೆ ಎದೆಗೆ. ಅಷ್ಟು ಹೊತ್ತು ಗಾಡಿ ದೇವರ ಪಾಲಿಗೆ. ನಮ್ಮ ರಸ್ತೆಯಲ್ಲಿ ಗುಡಿಗಳು ಜಾಸ್ತಿ.

ನಮಸ್ಕಾರದ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ಹೀಗೆ ಓಡುತ್ತಾ ಓಡುತ್ತಾ ಮಾಡುವುದರ ಮೇಲೆ. ಮೈಸೂರು ರೈಲು ಶ್ರೀರಂಗಪಟ್ಟಣದ ಬಳಿ ಕಾವೇರಿ ದಾಟುವಾಗ ಇಸ್ಪೀಟು ಆಡುತ್ತಿದ್ದವರೂ ಕಿಟಕಿಯಿಂದ ಒಂದು ನಾಣ್ಯ ಎಸೆದು, ಕಣ್ಣಿಗೆ ಒತ್ತಿಕೊಂಡು, ಮತ್ತೆ ಎಲೆ ಎತ್ತಿಕೊಳ್ಳುತ್ತಾರೆ. ನದಿ ದಡದ ಹುಡುಗರು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಕೆಳಗೆ ಬಿಡುತ್ತಾರೆ. ಸ್ಟೀಲಿನ ರೂಪಾಯಿ ಅಂಟಿಕೊಂಡು ಮೇಲೆ ಬರುತ್ತದೆ. ಹಿತ್ತಾಳೆ ಬಣ್ಣದ ಐದು ರೂಪಾಯಿ ಬರುವುದಿಲ್ಲ, ಅದು ನದಿಗೇ ಉಳಿಯುತ್ತದೆ. ಕಾವೇರಿಗೇ ಸೇರಬೇಕು ಅನ್ನುವವರು ಅದನ್ನೇ ಹಾಕಲಿ. ಆದರೆ ಅಷ್ಟು ದೊಡ್ಡ ಮನಸ್ಸು ಯಾರಿಗಿದೆ?

ಇರಲಿ, ನಾನು ಹೇಳಹೊರಟಿದ್ದು ಗೌರವ ಅಂದರೆ ಏನು ಅಂತ. ಅದಕ್ಕೆ ಮೊದಲು ನಮ್ಮ ಭಾವನ ಗೃಹಪ್ರವೇಶದ ವಿಷಯ ಹೇಳಿಬಿಡುತ್ತೇನೆ.

ಭಾವ ಕೊಂಡದ್ದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಫ್ಲಾಟು. ಹೊಸ ಮನೆಗೆ ಮೊದಲು ಹಸು-ಕರು ಕಾಲಿಡಬೇಕು, ಆಮೇಲೆ ಮನೆಯವರು. ಪುರೋಹಿತರು ಹೇಳಿದರು, ಅಕ್ಕ ಹಟ ಹಿಡಿದಳು. ಬೆಳಗಿನ ಜಾವ ಒಬ್ಬ ತಾತ ತನ್ನ ಗೌರಿಯನ್ನೂ ಅದರ ಕರುವನ್ನೂ ಹೊಡೆದುಕೊಂಡು ಬಂದರು. ಭಾವ ಇಂಜಿನಿಯರ್, ಲೆಕ್ಕದಲ್ಲಿ ಗಟ್ಟಿ. "ಲಿಫ್ಟು ಎಂಟು ಜನದ್ದು, 544 ಕೆಜಿ ತಡೆಯುತ್ತೆ. ಹಸು ನಾನೂರು ದಾಟಲ್ಲ. ಆರಾಮಾಗಿ ಹೋಗುತ್ತೆ" ಅಂದರು. ತೂಕವೇನೋ ಸರಿ. ಆದರೆ ಒಂದೂವರೆ ಮೀಟರ್ ಕೂಡ ಆಳವಿಲ್ಲದ ಆ ಡಬ್ಬಿಯೊಳಗೆ ಗೌರಿಯ ಮೂತಿ ಹಿಂದಿನ ಕನ್ನಡಿಗೆ ತಾಗಿದರೂ ಹಿಂಭಾಗ ಹೊರಗೇ ಉಳಿಯಿತು. ಬಾಗಿಲು ಮುಚ್ಚಲು ಬಂದು, ಬಾಲಕ್ಕೆ ತಾಗಿ, ಮತ್ತೆ ತೆರೆದುಕೊಂಡಿತು. ಮತ್ತೆ ಬಂತು, ಮತ್ತೆ ತೆರೆಯಿತು. ಕನ್ನಡಿಯಲ್ಲಿ ಇನ್ನೊಂದು ಹಸುವನ್ನು ಕಂಡು ಗೌರಿ ಬುಸುಗುಟ್ಟಿತು.

ತಾತ ಮಾತಾಡಲಿಲ್ಲ. ಕರುವಿನ ಹಗ್ಗ ಹಿಡಿದು ಮೆಟ್ಟಿಲು ಹತ್ತಿದರು. ತಾಯಿ ಸುಮ್ನೆ ಹಿಂದೆ ಹೋಯಿತು.

ಮನೆಯೊಳಗೆ ನೆಲ ಕನ್ನಡಿಯಂಥ ಟೈಲ್ಸು. ತಾತ ಗೋಣಿಚೀಲ ಹಾಸಿ ಅಂತ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಗೌರಿಯ ಹಿಂಗಾಲು ಎರಡೂ ಎರಡು ಕಡೆಗೆ ಜಾರಿದವು. ಹೇಗೋ ಸಾವರಿಸಿಕೊಂಡು ನಿಂತಿತು. ಆಗ ಶುರುವಾಯಿತು ನಮಸ್ಕಾರ. ನೆಂಟರೆಲ್ಲ ಸಾಲಾಗಿ ನಿಂತರು, ಎಲ್ಲಿ? ಸರಿಯಾಗಿ ಹಿಂದೆ. ಪೃಷ್ಠಭಾಗ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಪದ್ಧತಿ, ಲಕ್ಷ್ಮಿ ಇರುವುದು ಅಲ್ಲಿ. ಅವಳು ಅಲ್ಲಿಗೆ ಸೇರಿದ ಕತೆ ಮಹಾಭಾರತದ ಅನುಶಾಸನಪರ್ವದಲ್ಲಿದೆ. ನಿಮ್ಮಲ್ಲಿ ನನಗೆ ಜಾಗ ಕೊಡಿ ಅಂತ ಲಕ್ಷ್ಮಿ ಹಸುಗಳನ್ನು ಕೇಳಿದಳಂತೆ. ನೀನು ಚಂಚಲೆ, ನೀನು ನಮಗೆ ಬೇಡ ಅಂದವಂತೆ ಹಸುಗಳು! ಅವಳು ಅಂಗಲಾಚಿದ ಮೇಲೆ ಕೊನೆಗೆ ಸಗಣಿ, ಗಂಜಲ ತೋರಿಸಿ, ಬೇಕಿದ್ದರೆ ಅಲ್ಲಿರು ಅಂದವು. ಲಕ್ಷ್ಮಿಗೇ ಮನೆ ಬಾಡಿಗೆಗೆ ಸಿಗದ ಕಾಲ ಅದು.

ತೊಂದರೆ ಏನೆಂದರೆ, ಹಸುವಿಗೆ ಎರಡೂ ಪಕ್ಕ ಕಣ್ಣು. ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣುವುದಿಲ್ಲ. ನಾವು ಭಕ್ತಿಯಿಂದ ಹೋಗಿ ನಿಲ್ಲುವುದು ಕರಾರುವಾಕ್ಕಾಗಿ ಅಲ್ಲೇ. ಯಾರೋ ಕಾಣದವರು ಬೆನ್ನ ಹಿಂದೆ ತಟ್ಟಿದರೆ ನೀವಾದರೂ ಬೆಚ್ಚುವುದಿಲ್ಲವೇ? ನಮ್ಮ ಚಿಕ್ಕಪ್ಪನ ಮಂಡಿಗೆ ಒಂದು ಒದೆ ಬಿತ್ತು. ಪ್ರಸಾದ ಅಂದುಕೊಳ್ಳಿ ಅಂದೆ. ಅವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ತಾತ ಆಗ ತೋರಿಸಿಕೊಟ್ಟರು. ಭುಜದ ಪಕ್ಕದಿಂದ ಬರಬೇಕು, ಬಾಯಲ್ಲಿ ಏನಾದರೂ ಸದ್ದು ಮಾಡುತ್ತಾ. ಅಂಗೈ ಚಾಚಿ ಮೂಸಲು ಬಿಡಬೇಕು. ಆಮೇಲೆ ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ಉಗುರಿನಿಂದ ತುರಿಸಬೇಕು. ನಾನು ತುರಿಸಿದೆ. ಗೌರಿ ಕತ್ತು ಉದ್ದ ಮಾಡಿತು, ಕಣ್ಣು ಅರೆ ಮುಚ್ಚಿತು, ಇನ್ನೂ ಅನ್ನುವ ಹಾಗೆ ನನ್ನ ಕಡೆಗೆ ವಾಲಿತು. "ಏನೋ ಅದು, ಮೊದಲು ನಮಸ್ಕಾರ ಮಾಡು" ಅಂತ ಅಕ್ಕ ಗದರಿದಳು.

ಅಷ್ಟರಲ್ಲಿ ಅತ್ತೆ ನೆನೆಸಿದ ಅಕ್ಕಿ-ಬೆಲ್ಲವನ್ನು ಪರಾತದ ತುಂಬ ತಂದರು. ತಾತ ಅಡ್ಡ ಬಂದರು. "ಅಮ್ಮಾ, ಒಂದು ಹಿಡಿ ಸಾಕು. ಇವತ್ತು ಇನ್ನೂ ಎರಡು ಮನೆ ಇದೆ, ಎಲ್ಲರೂ ಅಕ್ಕಿನೇ ಕೊಡ್ತಾರೆ" ಅಂದರು. ಹುಲ್ಲು ತಿನ್ನುವ ಹೊಟ್ಟೆಗೆ ಒಮ್ಮೆಲೇ ಅಷ್ಟು ಅಕ್ಕಿ ಬಿದ್ದರೆ ಒಳಗೆ ಹುಳಿಯುತ್ತದೆ. ಹಸು ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ, ಅದೇ ಮೊದಲ ಗುರುತು. ಆಮೇಲೆ ಹುಳಿ ವಾಸನೆಯ ನೀರು ಸಗಣಿ. ಜಾಸ್ತಿಯಾದರೆ ಮಲಗಿದ್ದು ಏಳುವುದಿಲ್ಲ. ಲಗ್ನದ ತಿಂಗಳಲ್ಲಿ ಹೀಗೆ ಪುಣ್ಯ ತಿಂದು ಕಾಯಿಲೆ ಬೀಳುವ ಹಸುಗಳಿವೆ ಅಂದರು ತಾತ. ಅತ್ತೆಗೆ ಬೇಜಾರು. ಶಾಸ್ತ್ರಕ್ಕೆ ಅಂತ ಇನ್ನೊಂದು ಹಿಡಿ ತುರುಕಿದರು. ನಾವು ಎಷ್ಟೇ ಆಗಲಿ ನಮಗೆ ಬೇಕಾದ ರೀತಿಯಲ್ಲೇ ಗೌರವ ಕೊಡುವವರು. ತಗೊಳ್ಳುವವರ ಹೊಟ್ಟೆ ಅವರ ತಲೆನೋವು.

ಆಗ ಗೌರಿ ಹಾಲ್ ನಡುವೆ ಸಗಣಿ ಹಾಕಿತು. ಎಲ್ಲರೂ ಹರ್ಷೋದ್ಗಾರ ಮಾಡಿದರು, ಲಕ್ಷ್ಮಿ ಬಂದಳು! ಫೋಟೋ ಹೊಡೆದರು. ಹೊಡೆದಾದ ಕೂಡಲೇ ಅಕ್ಕ ಮೆಲ್ಲಗೆ ಕೆಲಸದಾಕೆಯನ್ನು ಕರೆದು, "ಟೈಲ್ಸ್ ಸಂದಿಗೆ ಇಳಿಯೋಕೆ ಮೊದಲು ಫಿನಾಯಿಲ್ ಹಾಕಿ ಒರೆಸು" ಅಂದಳು.

ಹತ್ತಿದ್ದಾಯಿತು, ಇಳಿಯಬೇಕಲ್ಲ. ಗೌರಿ ಮೊದಲ ಮೆಟ್ಟಿಲಿಗೆ ಬಂದು ನಿಂತದ್ದು ನಿಂತೇ ಬಿಟ್ಟಿತು. "ಹತ್ತೋವಾಗ ಮೆಟ್ಟಿಲು ಮೂತಿ ಮುಂದೇನೇ ಇರುತ್ತೆ ಸಾರ್. ಇಳಿಯೋವಾಗ ಕಾಲ ಕೆಳಗೆ ಏನಿದೆ ಅಂತ ಅದಕ್ಕೆ ಕಾಣಲ್ಲ" ಅಂದರು ತಾತ. ಬಲ್ಬಿನ ನೆರಳು ಮೆಟ್ಟಿಲ ಮೇಲೆ ಕಪ್ಪಗೆ ಬಿದ್ದು ಅದರ ಕಣ್ಣಿಗೆ ಹಳ್ಳದ ಹಾಗೆ ಕಂಡಿರಬೇಕು. ಹಿಂದಿನಿಂದ ತಳ್ಳಲು ಮೂರು ಜನ ಮುಂದಾದರು, ಅದೇ ನಮಸ್ಕಾರದ ಜಾಗದಿಂದ. ತಾತ ಎಲ್ಲರನ್ನೂ ಬೈದು ಆಚೆ ಕಳಿಸಿದರು. ದೀಪ ಆರಿಸಿಸಿದರು, ಬೆಳಕು ಹರಿದಿತ್ತು. ಒದ್ದೆ ಗೋಣಿಚೀಲ ಮೆಟ್ಟಿಲ ಮೇಲೆ ಹಾಸಿಸಿದರು. ಕರುವನ್ನು ಕೆಳಗಿನ ತಿರುವಿನಲ್ಲಿ ನಿಲ್ಲಿಸಿದರು. ಬೂಸಾ ಬಕೆಟ್ಟು ಹಿಡಿದು ಒಂದೊಂದೇ ಮೆಟ್ಟಿಲು ತಾವೇ ಹಿಮ್ಮುಖವಾಗಿ ಇಳಿದರು, ಗೌರಿಯ ಜೊತೆ ಏನೇನೋ ಮಾತಾಡುತ್ತಾ. ಕೆಳಗೆ ಆಫೀಸಿಗೆ ಹೊರಟವರು ಲ್ಯಾಪ್‌ಟಾಪ್ ಚೀಲ ತಬ್ಬಿಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಅವರಲ್ಲೂ ಒಬ್ಬ, ಹಸು ದಾಟಿ ಹೋದ ಮೇಲೆ, ಹಿಂದಿನಿಂದ ಕೈ ಚಾಚಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ತಾತನಿಗೆ ಕಾಫಿ ಕೊಟ್ಟರೋ ಇಲ್ಲವೋ ನನಗೆ ನೆನಪಿಲ್ಲ. ದುಡ್ಡಿಗಂತೂ ಭಾವ ಚೌಕಾಸಿ ಮಾಡಿದರು.

ಮರುವಾರ ಅಸೋಸಿಯೇಷನ್ನಿನವರು ಲಿಫ್ಟಿನ ಪಕ್ಕ ನೋಟೀಸ್ ಅಂಟಿಸಿದರು: "ಪೂಜ್ಯ ಗೋಮಾತೆಯವರನ್ನು ಲಿಫ್ಟ್ ಹಾಗೂ ಮೆಟ್ಟಿಲುಗಳಲ್ಲಿ ಕರೆತರುವುದನ್ನು ನಿಷೇಧಿಸಲಾಗಿದೆ. ಕರುವಿಗೆ ಅಡ್ಡಿಯಿಲ್ಲ. ತಪ್ಪಿದಲ್ಲಿ ದಂಡ." ಕೆಳಗೆ ಯಾರೋ ಪೆನ್ನಿನಲ್ಲಿ, ದಂಡ ಕಟ್ಟಬೇಕಾದ್ದು ಗೋಮಾತೆಯೋ ಓನರ್ರೋ ಅಂತ ಬರೆದಿದ್ದಾರೆ. ಉತ್ತರ ಬಂದಿಲ್ಲ.