ಸೂಕ್ತ ಯೋಜನೆ ಸಿಗಲಿಲ್ಲವಂತೆ, ಪಾಪ

ರದ್ದಿಗೆ ಹಾಕಲು ತೆಗೆದಿಟ್ಟ ಕಂಪನಿಯೊಂದರ ಹಳೇ ವಾರ್ಷಿಕ ವರದಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು: ಸೂಕ್ತ ಯೋಜನೆ ಸಿಗದ ಕಾರಣ ಸಿಎಸ್‌ಆರ್ ಹಣ, ಅಂದರೆ ಸಮಾಜದ ಕೆಲಸಕ್ಕೆ ಕಂಪನಿ ತೆಗೆದಿಡಬೇಕಾದ ಹಣ, ಪೂರ್ತಿ ಖರ್ಚಾಗಲಿಲ್ಲ.

ಎಂಥಾ ಹುಡುಕಾಟ ನಡೆದಿರಬೇಕು! ಒಮ್ಮೆ ಹುಬ್ಬಳ್ಳಿಗೆ ಬಂದಿದ್ದರೆ ನಳದ ನೀರಿಗೆ ದಿನ ಎಣಿಸುವ ಓಣಿ ತೋರಿಸುತ್ತಿದ್ದೆವು. ಗದಗಕ್ಕೆ ಹೋಗಿದ್ದರೆ ಜನ ಕೊಡಗಳನ್ನೇ ತೋರಿಸುತ್ತಿದ್ದರು. ಸಾಹೇಬರಿಗೆ ದಾರಿ ಗೊತ್ತಾಗಲಿಲ್ಲ ಅನಿಸುತ್ತದೆ.

ಇದು ಕಾನೂನುಬದ್ಧ ಸಾಲು ಅನ್ನೋದೇ ತಮಾಷೆ. 2014ರಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆಗಲಿಲ್ಲವೇ? ಕಾರಣ ಬರೆಯಿರಿ, ಸಾಕು. ಖರ್ಚು ಮಾಡದಿದ್ದರೆ ದಂಡವಿರಲಿಲ್ಲ, ಕಾರಣ ಬರೆಯದಿದ್ದರೆ ದಂಡವಿತ್ತು!

‘ಪಾಲಿಸು, ಇಲ್ಲವೇ ಕಾರಣ ಹೇಳು’ ಎಂಬ ಈ ಪದ್ಧತಿ ಕಂಪನಿ ಆಡಳಿತದ ಬಗ್ಗೆ ಬ್ರಿಟನ್ನಿನಲ್ಲಿ ಬಂದ 1992ರ ಕ್ಯಾಡ್ಬರಿ ವರದಿಯಿಂದ ಹೆಸರಾದದ್ದು. ಅಲ್ಲಿ ಕಾರಣ ಓದುವವರು ಷೇರುದಾರರು. ಒಪ್ಪಿಗೆಯಾಗದಿದ್ದರೆ ನಿರ್ದೇಶಕರ ವಿರುದ್ಧ ಮತ ಹಾಕಬಹುದು, ಷೇರು ಮಾರಬಹುದು. ನಮ್ಮ ಸಿಎಸ್‌ಆರ್ ಕಾರಣ ಓದುವವರು ಯಾರು? ಹಣ ಕೈಯಲ್ಲೇ ಉಳಿದರೆ ಷೇರುದಾರನಿಗೆ ಖುಷಿಯೇ. ಕೊಡ ಹಿಡಿದವರಿಗೆ ವಾರ್ಷಿಕ ಸಭೆಯಲ್ಲಿ ಮತವಿಲ್ಲ.

ಕೊನೆಗೆ 2021ರ ಜನವರಿಯಲ್ಲಿ ಸರ್ಕಾರ ಬಿಗಿ ಮಾಡಿತು. ಸರಾಸರಿ ಲಾಭ 50 ಕೋಟಿ ಇದ್ದರೆ ಖರ್ಚು ಮಾಡಬೇಕಾದದ್ದು 1 ಕೋಟಿ. 40 ಲಕ್ಷ ಖರ್ಚಾಯಿತು ಅನ್ನಿ. ಉಳಿದ 60 ಲಕ್ಷ ಯಾವುದೇ ನಡೆಯುತ್ತಿರುವ ಯೋಜನೆಯದಲ್ಲದಿದ್ದರೆ, ವರ್ಷ ಮುಗಿದ ಆರು ತಿಂಗಳೊಳಗೆ ಪ್ರಧಾನಿ ಪರಿಹಾರ ನಿಧಿಯಂಥ ನಿಗದಿತ ನಿಧಿಗೆ ಹೋಗಬೇಕು. ಕಟ್ಟದಿದ್ದರೆ ಬಾಕಿಯ ಎರಡು ಪಟ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು ದಂಡ. ಇಲ್ಲಿ 1 ಕೋಟಿ. ತಪ್ಪಿತಸ್ಥ ಅಧಿಕಾರಿಗೂ ತಲಾ 2 ಲಕ್ಷ. ಈಗಲೂ ಕಾರಣ ಬರೆಯಬೇಕು, ಆದರೆ ಅದರಿಂದ ಹಣ ಉಳಿಯುವುದಿಲ್ಲ.

ಹಾಗಾದರೆ ಎಲ್ಲಕ್ಕೂ ಕಾನೂನೇ ಇರಲಿ ಅಂತೀರಾ? ಕಂಪನಿಯ ನಿರ್ದೇಶಕರ ಮಂಡಳಿಯಲ್ಲಿ ಒಬ್ಬ ಮಹಿಳೆ ಇರಲೇಬೇಕು ಎಂದಾಗ ಕೆಲವು ಕಡೆ ಮಾಲೀಕರ ಶ್ರೀಮತಿಯವರೇ ಬಂದು ಕೂತರು. ಲೆಕ್ಕ ಸರಿಹೋಯಿತು! ಹಣ, ದಿನಾಂಕಗಳನ್ನು ಎಣಿಸಬಹುದು, ಅಲ್ಲಿ ಕಾನೂನು ನಡೆಯುತ್ತದೆ. ಅಧ್ಯಕ್ಷರು ಯಾರಾಗಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಅಧ್ಯಕ್ಷ ಮತ್ತು ಮುಖ್ಯ ಕಾರ್ಯನಿರ್ವಾಹಕ ಒಬ್ಬರೇ ಆಗಬಾರದು ಎಂಬುದನ್ನು ಬ್ರಿಟನ್ ತನ್ನ ಕಂಪನಿ ಆಡಳಿತ ಸಂಹಿತೆಯಲ್ಲಿಟ್ಟು, ಬೇಡವೆಂದವರಿಂದ ಕಾರಣ ಕೇಳುತ್ತದೆ.

ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ ಇದನ್ನೇ ದೊಡ್ಡ 500 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ ಮಾಡಿ, ಗಡುವನ್ನು 2020ರಿಂದ 2022ಕ್ಕೆ ತಳ್ಳಿ, ಗಡುವು ಹತ್ತಿರ ಬಂದಾಗ ಐಚ್ಛಿಕ ಮಾಡಿತು. ಆಗ ಪಾಲಿಸಿದ್ದವರು ಶೇಕಡಾ 54. ಬಲವಿದ್ದವರು ದೂರಿದರೆ ಕಡ್ಡಾಯವೂ ಸಡಿಲವಾಗುತ್ತದೆ. ನೀರಿಲ್ಲದವರು ಮಾತ್ರ ಕಾರಣ ಸಾಕು ಎಂಬ ಕಾನೂನು ಬದಲಾಗಲಿ ಅಂತ ಏಳು ವರ್ಷ ಕಾಯಬೇಕಾಯಿತು. ಅದನ್ನು ನೆನೆದರೆ ಈಗ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ.