ಆ ಗುಳ್ಳೆ ನೀರಿನದು

"ಎಲೆ ಇಂಗಾಲದ ಡೈಆಕ್ಸೈಡನ್ನು ಒಡೆದು ಆಮ್ಲಜನಕ ಬಿಡುತ್ತದೆ."

ಈ ಸಾಲು ತಪ್ಪು. ಒಡೆಯುವುದು ನೀರು. 1941ರಲ್ಲಿ ವಿಜ್ಞಾನಿಗಳಾದ ರೂಬೆನ್, ಕೇಮನ್ ಮತ್ತು ಸಂಗಡಿಗರು ಪಾಚಿಗೆ ಮಾಮೂಲಿಗಿಂತ ಭಾರದ ಆಮ್ಲಜನಕವಿದ್ದ ನೀರು ಕೊಟ್ಟರು. ಹೊರಬಂದ ಗಾಳಿಯಲ್ಲೂ ಅದೇ ಸಿಕ್ಕಿತು.

ಗೊಂದಲ ಸಹಜ ಬಿಡಿ. ತೀರ್ಥಹಳ್ಳಿಯ ನಮ್ಮನೆಯಲ್ಲಿ ತೋಟದ ಕೆರೆಯ ಹೈಡ್ರಿಲ್ಲಾ ಎಂಬ ನೀರುಗಿಡವನ್ನು ಗಾಜಿನ ಬಾಟಲಿಯಲ್ಲಿ ಬಿಸಿಲಿಗಿಟ್ಟಿದ್ದೆ. ಆಮ್ಲಜನಕದ ಗುಳ್ಳೆಗಳು ಸಾಲಾಗಿ ಎದ್ದವು. ಕುದಿಸಿ ಆರಿಸಿದ ನೀರಿಗೆ ಹಾಕಿದರೆ ಹೆಚ್ಚುಕಮ್ಮಿ ನಿಂತೇ ಹೋದವು! ಕುದಿಸಿದಾಗ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಅಲ್ವಾ? ಅದಿಲ್ಲದೆ ಸಕ್ಕರೆ ಕಟ್ಟುವ ಕೆಲಸ ನಿಲ್ಲುತ್ತದೆ. ಆಗ ನೀರಿನಿಂದ ಕಿತ್ತ ಎಲೆಕ್ಟ್ರಾನ್‌ಗಳಿಗೆ ಹೋಗಲು ಜಾಗವಿಲ್ಲ, ಹಾಗಾಗಿ ನೀರು ಒಡೆಯುವುದೂ ನಿಲ್ಲುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿ, ಅದರಿಂದ ಇಂಗಾಲದ ಡೈಆಕ್ಸೈಡ್ ಸಿಕ್ಕಿ ಗುಳ್ಳೆ ಮತ್ತೆ ಏಳುತ್ತವೆ. ಆದರೆ ನಮ್ಮ ಆಷಾಢದ ಮೋಡದಲ್ಲಿ ಮಾಡಬೇಡಿ, ಸುಮ್ನೆ ಬಾಟಲಿ ನೋಡುತ್ತಾ ಕೂರಬೇಕಾಗುತ್ತದೆ.