ನನ್ನ ದುಡ್ಡು ಕೇಳೋಕೆ ನಾನೇ ಕೈಮುಗಿಯಬೇಕಾ?

ಆಯುಧಪೂಜೆ ದಿನ ಮೆಷಿನ್‌ಗೆಲ್ಲ ಹೂವು ಹಾಕಿ, ಬಾಗಿಲಲ್ಲಿ ಕುಂಬಳಕಾಯಿ ಒಡೆದು, ನಾಲ್ಕು ಜನ ಹುಡುಗರ ಕೈಗೂ ಸ್ವೀಟ್ ಬಾಕ್ಸ್ ಕೊಟ್ಟೆ. ಬೋನಸ್ ಕವರ್ ಕೊಡಲಿಲ್ಲ. "ದೀಪಾವಳಿಗೆ ಕೊಡ್ತೀನಿ ಕಣ್ರಪ್ಪ" ಎಂದೆ. ಅವರು ಏನೂ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು. ಹದಿನೈದು ವರ್ಷದಿಂದ ಪೀಣ್ಯದಲ್ಲಿ ಶೆಡ್ ಇಟ್ಟುಕೊಂಡಿದ್ದೇನೆ. ಪೂಜೆ ದಿನ ಬರಿಗೈ ತೋರಿಸಿದ್ದು ಇದೇ ಮೊದಲು.

ನನ್ನ ಹತ್ತಿರ ದುಡ್ಡು ಇಲ್ಲ ಅಂತಲ್ಲ. ಇದೆ. ಆದರೆ ಅದು ಇನ್ನೊಬ್ಬರ ಅಕೌಂಟಿನಲ್ಲಿ ಕೂತಿದೆ.

ಕಥೆ ಹೀಗೆ. 2025ರ ಜೂನ್ 6ಕ್ಕೆ ಒಂದು ಕಂಪನಿಗೆ 800 ಪಿನ್ ಮಾಡಿ ಕೊಟ್ಟೆ. ಇಎನ್24 ಸ್ಟೀಲ್, ಹಾರ್ಡನಿಂಗ್ ಮಾಡಿಸಿ, ಗ್ರೈಂಡಿಂಗ್ ಮುಗಿಸಿ, ಒಂದಕ್ಕೆ 400 ರೂಪಾಯಿ. ಸ್ಟೀಲೂ ನಮ್ಮದೇ. 3,20,000ಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಬಿಲ್ 3,77,600. ಅವರ ಆರ್ಡರ್‌ನಲ್ಲೇ ಬರೆದಿದೆ, ಮಾಲು ಬಂದ 45 ದಿನಕ್ಕೆ ಪೇಮೆಂಟ್ ಅಂತ. ಅಂದರೆ ಜುಲೈ 21.

ಇದರಲ್ಲಿ ನನಗೆ ಅತಿ ಹೆಚ್ಚು ಉರಿಯುವುದು ಯಾವುದು ಗೊತ್ತಾ? ಜೂನ್ ತಿಂಗಳ ಬಿಲ್ಲಿನ ಜಿಎಸ್‌ಟಿ ನಾನು ಜುಲೈ 20ಕ್ಕೆ ಕಟ್ಟಬೇಕು. ಕಂಪನಿ ದುಡ್ಡು ಕೊಟ್ಟಿದೆಯೋ ಇಲ್ಲವೋ ಅಂತ ಯಾರೂ ಕೇಳಲ್ಲ. ಬಿಲ್ ಹಾಕಿದೆಯಾ, ಕಟ್ಟು. ತಡ ಮಾಡಿದರೆ ನನಗೆ 18 ಪರ್ಸೆಂಟ್ ಬಡ್ಡಿ. ಈ ಬಿಲ್ಲಿನ ತೆರಿಗೆ 57,600. ಸ್ಟೀಲಿಗೆ ಕಟ್ಟಿದ್ದ ಜಿಎಸ್‌ಟಿ ಕಳೆದು ಉಳಿದದ್ದನ್ನು ಜೇಬಿನಿಂದಲೇ ತುಂಬಿದೆ. ನನ್ನ ಪೇಮೆಂಟಿನ ಗಡುವು ಮಾರನೇ ದಿನ. ಆ ಮಾರನೇ ದಿನ ಇನ್ನೂ ಬಂದಿರಲಿಲ್ಲ. ಅಕ್ಟೋಬರ್ 6ಕ್ಕೆ ಲೆಕ್ಕ ಹಾಕಿದರೆ ಗಡುವು ಮುಗಿದು 77 ದಿನ.

ಈ 77 ದಿನ ನಾನೇನು ಸುಮ್ನೆ ಕೂತಿರಲಿಲ್ಲ. ಪರ್ಚೇಸ್‌ನವರಿಗೆ ವಾಟ್ಸಾಪ್ ಮಾಡುತ್ತಿದ್ದೆ. "ಸಾರ್ ಗುಡ್ ಮಾರ್ನಿಂಗ್, ಪೇಮೆಂಟ್ ಸ್ವಲ್ಪ ನೋಡಿ ಸಾರ್." ಎರಡು ನೀಲಿ ಟಿಕ್ ಬರುತ್ತಿತ್ತು. ಎರಡು ದಿನ ಬಿಟ್ಟು "ಪ್ರೋಸೆಸ್‌ನಲ್ಲಿದೆ" ಅಂತ ಉತ್ತರ. ಫೋನ್ ಮಾಡಿದರೆ, "ಏನ್ ಸಾರ್ ನೀವು, ನಿಮ್ಮ ದುಡ್ಡು ಎಲ್ಲಿ ಹೋಗತ್ತೆ?" ಅನ್ನೋ ಸಮಾಧಾನ ಬೇರೆ. ಎಲ್ಲಿಗೂ ಹೋಗಲ್ಲ ಸ್ವಾಮಿ, ಗೊತ್ತು. ಬರಲ್ಲ ಅನ್ನೋದೇ ನನ್ನ ಕಷ್ಟ. ಆ ಕಡೆ ಸ್ಟೀಲ್ ಅಂಗಡಿಯವರು 30 ದಿನ ದಾಟಿದರೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಹಾಕುತ್ತಾರೆ. ಅವರಿಗೆ ಪ್ರೋಸೆಸ್ ಗೀಸೆಸ್ ಏನೂ ಇಲ್ಲ.

ಪೂಜೆ ಮುಗಿದ ಮೇಲೆ ತಲೆ ಕೆಟ್ಟು ಒಂದು ಮೇಲ್ ಬರೆದೆ. "ಬಡವರ ಹೊಟ್ಟೆ ಮೇಲೆ ಹೊಡೀತಿದ್ದೀರಿ, ಕೋರ್ಟಿಗೆ ಹೋಗ್ತೀನಿ" ಅಂತೆಲ್ಲ. ನಮ್ಮ ಶೆಡ್ಡಿನ ಲೆಕ್ಕ ನೋಡುವುದು ನನ್ನ ಹೆಂಡತಿ. ಕಳಿಸೋಕೆ ಮುಂಚೆ ಅವಳಿಗೆ ತೋರಿಸಿದೆ. ಓದಿ ಕೇಳಿದಳು: "ಇದರಲ್ಲಿ ಬಿಲ್ ನಂಬರ್ ಎಲ್ಲಿದೆ ರೀ?"

ಇರಲಿಲ್ಲ. ಅದಷ್ಟೇ ಅಲ್ಲ. ಮೂರು ತಿಂಗಳಿನ ವಾಟ್ಸಾಪ್ ತೆಗೆದು ನೋಡಿದರೆ ಒಂದರಲ್ಲೂ ಬಿಲ್ ನಂಬರ್ ಇಲ್ಲ, ಮೊತ್ತ ಇಲ್ಲ, ಯಾವತ್ತು ಬೇಕು ಅನ್ನೋದು ಇಲ್ಲ. "ಸ್ವಲ್ಪ ನೋಡಿ ಸಾರ್" ಅಂದರೆ ಅವರು ಸ್ವಲ್ಪ ನೋಡಿ ಬಿಟ್ಟಿದ್ದಾರೆ. ಅದೂ ಅಲ್ಲದೆ ನಾನು ಕೇಳುತ್ತಿದ್ದದ್ದು ಪರ್ಚೇಸ್‌ನವರನ್ನ. ಅವರ ಕೆಲಸ ಮಾಲು ತರಿಸುವುದು. ದುಡ್ಡು ಬಿಡುವುದು ಅಕೌಂಟ್ಸ್. ಅಕೌಂಟ್ಸ್‌ಗೆ ನನ್ನಿಂದ ಒಂದು ಸಾಲೂ ಹೋಗಿರಲಿಲ್ಲ.

ಆಮೇಲೆ ಇಬ್ಬರೂ ಕೂತು ಬರೆದೆವು. ಪರ್ಚೇಸ್‌ಗೆ ಒಂದು, ಅಕೌಂಟ್ಸ್ ಮುಖ್ಯಸ್ಥರಿಗೆ ಪ್ರತಿ. ಕಳಿಸಿದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಸಬ್ಜೆಕ್ಟಿನಲ್ಲೇ ಬಿಲ್ ನಂಬರ್, ಮೊತ್ತ, "77 ದಿನ ಬಾಕಿ" ಅಂತ ಹಾಕಿದೆವು. ಮೇಲ್ ತೆರೆಯದಿದ್ದರೂ ವಿಷಯ ಕಾಣಬೇಕು. ಒಳಗೆ ಇಷ್ಟು:

"ನಮಸ್ಕಾರ ಸರ್. ನಿಮ್ಮ ಆರ್ಡರ್‌ನಂತೆ 800 ಪಿನ್‌ಗಳನ್ನು ಜೂನ್ 6ರಂದು ತಲುಪಿಸಿದ್ದೇವೆ. ಆರ್ಡರ್, ಬಿಲ್ ಮತ್ತು ನಿಮ್ಮ ಸ್ಟೋರ್ಸ್ ಸೀಲ್ ಇರುವ ಚಲನ್ ಇದರ ಜೊತೆಗಿವೆ. ಮೊತ್ತ 3,77,600 ರೂಪಾಯಿ. ಇದು ಜುಲೈ 21ರೊಳಗೆ ಬರಬೇಕಿತ್ತು. ಮಾಲಿನ ಬಗ್ಗೆ ಈವರೆಗೆ ನಿಮ್ಮಿಂದ ಯಾವ ತಕರಾರೂ ಬಂದಿಲ್ಲ. ದಯವಿಟ್ಟು ಅಕ್ಟೋಬರ್ 15ರೊಳಗೆ ಹಣ ಹಾಕಿಸಿ. ಬಿಲ್ ಯಾವುದಾದರೂ ಕಾಗದಕ್ಕಾಗಿ ನಿಂತಿದ್ದರೆ ಇದೇ 9ರೊಳಗೆ ತಿಳಿಸಿ, ಅವತ್ತೇ ಕಳಿಸುತ್ತೇವೆ. ನಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಘಟಕ. ನಂಬರ್ ಬಿಲ್ಲಿನ ಮೇಲಿದೆ. ತಡವಾದ ಹಣಕ್ಕೆ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಬಡ್ಡಿ ಸೇರುತ್ತದೆ. ಅದನ್ನು ಕೇಳುವ ಸಂದರ್ಭ ಬರದಿರಲಿ ಎಂದು ಬಯಸುತ್ತೇವೆ. ಡಿಸೆಂಬರ್ 3ಕ್ಕೆ ಬಿಲ್ಲಿಗೆ 180 ದಿನ ತುಂಬುತ್ತದೆ ಎಂಬುದೂ ನಿಮ್ಮ ಗಮನದಲ್ಲಿರಲಿ."

ಬೈಗುಳ ಒಂದೂ ಇಲ್ಲ. ಆದರೆ ತಪ್ಪಿಸಿಕೊಳ್ಳೋಕೆ ಜಾಗವೂ ಇಲ್ಲ. "ತಕರಾರು ಬಂದಿಲ್ಲ" ಅನ್ನೋ ಸಾಲು ಇದೆಯಲ್ಲ, ಅದು ಹಾಕಬೇಕು ಅಂತ ಹಟ ಮಾಡಿದ್ದು ನಾನು. ಹಿಂದೆ ಬೇರೆ ಕಡೆ ಸುಟ್ಟುಕೊಂಡಿದ್ದೇನೆ. ದುಡ್ಡು ಗಟ್ಟಿಯಾಗಿ ಕೇಳಿದ ದಿನವೇ ಅವರಿಗೆ ನೆನಪಾಗಿತ್ತು, ಹನ್ನೆರಡು ಪೀಸ್ ಸೈಜ್ ಔಟ್ ಅಂತ! ಮಾಲು ಜೋಡಿಸಿ, ಮೆಷಿನ್ ಮಾರಿ, ಎರಡು ತಿಂಗಳಾದ ಮೇಲೆ! ನಮ್ಮಂಥ ಸಣ್ಣ ಉದ್ಯಮಗಳಿಗಾಗಿ ಇರೋ ಈ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ತಕರಾರು ಇದ್ದರೆ ಮಾಲು ಬಂದ 15 ದಿನದೊಳಗೆ ಬರಹದಲ್ಲಿ ಹೇಳಬೇಕು. ಹೇಳದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ಅದಕ್ಕೇ ಸೀಲ್ ಬಿದ್ದ ಚಲನ್ ಕಳೆಯಬಾರದು. ನಮ್ಮ ಹುಡುಗ ಅದನ್ನ ಗಾಡಿ ಡಿಕ್ಕಿಯಲ್ಲಿ ಎಣ್ಣೆ ಬಟ್ಟೆ ಜೊತೆ ಇಟ್ಟಿದ್ದ, ಆ ಮಾತು ಬೇರೆ.

ಬಡ್ಡಿ ಕಡಿಮೆ ಏನಲ್ಲ. ಆರ್ಡರ್‌ನಲ್ಲಿ ಏನೇ ಬರೆದುಕೊಂಡರೂ 45 ದಿನಕ್ಕಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆಗ ಬ್ಯಾಂಕ್ ರೇಟ್ 5.75, ಮೂರು ಪಟ್ಟು ಅಂದರೆ 17.25. ಹೆಂಡತಿ ಲೆಕ್ಕ ಹಾಕಿದಳು, 77 ದಿನಕ್ಕೆ ಸುಮಾರು 13,700 ರೂಪಾಯಿ. ಅಷ್ಟರಲ್ಲಿ ಒಬ್ಬ ಹುಡುಗನ ಬೋನಸ್ ಆಗುತ್ತಿತ್ತು. ಮೊತ್ತ ಮಾತ್ರ ಮೇಲ್‌ನಲ್ಲಿ ಹಾಕಲಿಲ್ಲ. ಮೊದಲ ಪತ್ರದಲ್ಲೇ ಬಡ್ಡಿ ಲೆಕ್ಕ ಕೊಟ್ಟರೆ ಅವರು ಬಡ್ಡಿ ಬಗ್ಗೆ ಜಗಳ ಶುರು ಮಾಡುತ್ತಾರೆ, ಅಸಲು ಮೂಲೆಗೆ ಹೋಗುತ್ತದೆ.

ಕೋರ್ಟು ಅನ್ನೋ ಪದವನ್ನೂ ತೆಗೆದೆವು. ಹೋಗುವ ಮನಸ್ಸಿಲ್ಲದಿದ್ದರೆ ಹೆದರಿಸಬಾರದು, ಅವರಿಗೆ ಗೊತ್ತಾಗತ್ತೆ. ಸಣ್ಣ ಘಟಕಗಳ ಬಾಕಿ ವಸೂಲಿಗೆ ಅಂತಲೇ ಇರೋ ಸರ್ಕಾರದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಎಲ್ಲ ಸರಿ. ಆದರೆ ದೂರು ಕೊಟ್ಟ ಮಾರನೇ ದಿನದಿಂದ ಆ ಗೇಟಿನಲ್ಲಿ ನನ್ನ ಟೆಂಪೋ ಒಳಗೆ ಹೋಗಲ್ಲ. ನನ್ನ ಕೆಲಸದ ಮೂರನೇ ಒಂದು ಪಾಲು ಅವರದು. ಇದು ಅವರಿಗೂ ಗೊತ್ತು. ನನ್ನ ಸಿಟ್ಟಿಗೆ ಅರ್ಧ ಕಾರಣ ಇದೇ.

ಡಿಸೆಂಬರ್ 3ರ ಸಾಲು ಹೆಂಡತಿಯ ಕೈಚಳಕ. ನನ್ನ ಬಿಲ್ ತೋರಿಸಿ ಅವರು 57,600ರ ಇನ್‌ಪುಟ್ ಕ್ರೆಡಿಟ್, ಅಂದರೆ ತಮ್ಮ ಜಿಎಸ್‌ಟಿಯಲ್ಲಿ ಅಷ್ಟು ಕಳೆದುಕೊಳ್ಳುವ ಅವಕಾಶ, ಆಗಲೇ ತಗೊಂಡಿರುತ್ತಾರೆ ಅನ್ನೋದು ಅವಳ ಲೆಕ್ಕ. ಅಂದರೆ ನಾನು ಕಟ್ಟಿದ ತೆರಿಗೆಯ ಲಾಭ ಅವರಿಗೆ! ಬಿಲ್ ದಿನದಿಂದ 180 ದಿನದೊಳಗೆ ನನಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್ಟನ್ನ ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಇದು ಪರ್ಚೇಸ್‌ನವರಿಗೆ ಅರ್ಥ ಆಗಲ್ಲ, ಅಕೌಂಟ್ಸ್‌ನವರಿಗೆ ತಕ್ಷಣ ಆಗತ್ತೆ. ಸಣ್ಣ ಘಟಕಕ್ಕೆ ತಡ ಮಾಡಿದ ಬಾಕಿಯನ್ನ ಕೊಡುವವರೆಗೆ ಕಂಪನಿ ಖರ್ಚು ಅಂತ ತೋರಿಸೋ ಹಾಗಿಲ್ಲ ಅನ್ನೋ ಇನ್‌ಕಮ್ ಟ್ಯಾಕ್ಸಿನ 43ಬಿ(ಎಚ್) ಬಗ್ಗೆಯೂ ಬರೆಯೋಣ ಅಂದೆ. ಬೇಡ ಅಂದಳು. ತಡವಾದ ಬಾಕಿಯನ್ನ ಮಾರ್ಚ್ 31ರೊಳಗೆ ಕೊಟ್ಟರೂ ಆ ವರ್ಷದ ಖರ್ಚಿಗೆ ಸಿಗುತ್ತದಲ್ಲ, ಅಕ್ಟೋಬರ್‌ನಲ್ಲಿ ಯಾರು ಹೆದರುತ್ತಾರೆ? ಮಾರ್ಚ್ ಕೊನೆ ವಾರ ಎಲ್ಲ ಕಂಪನಿಯವರೂ ತಾವಾಗೇ ಫೋನ್ ಮಾಡಿ "ಬಾಕಿ ಎಷ್ಟು ಸಾರ್" ಅನ್ನೋದು ಯಾಕೆ ಅಂತ ನನಗೆ ಅವತ್ತು ಹೊಳೆಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮೇಲ್ ಹೋಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಅಕೌಂಟ್ಸ್‌ನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. "ಸರ್, ನಿಮ್ಮ ಬಿಲ್ ನಮ್ಮ ಸಿಸ್ಟಮ್‌ನಲ್ಲೇ ಇಲ್ಲ. ಸ್ಟೋರ್ಸ್‌ನವರು ಜಿಆರ್‌ಎನ್ ಎಂಟ್ರಿ ಮಾಡಿಲ್ಲ. ನೀವು ಕಳಿಸಿದ ಚಲನ್ ನೋಡಿ ಈಗ ಮಾಡಿಸಿದೆ."

ಜಿಆರ್‌ಎನ್ ಅಂದರೆ ಮಾಲು ಬಂತು ಅಂತ ಅವರೇ ತಮ್ಮ ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಎಂಟ್ರಿ. ಅದಿಲ್ಲದೆ ಬಿಲ್ ಅಕೌಂಟ್ಸ್‌ಗೆ ಹೋಗೋದೇ ಇಲ್ಲ. ಅಂದರೆ 77 ದಿನ ಪ್ರೋಸೆಸ್‌ನಲ್ಲಿ ಏನೂ ಇರಲಿಲ್ಲ! ಸೀಲ್ ಹೊಡೆದವರು ಎಂಟ್ರಿ ಹೊಡೆಯಲಿಲ್ಲ. ಪರ್ಚೇಸ್‌ನವರು ಒಂದು ಸಲವೂ ಸಿಸ್ಟಮ್ ತೆಗೆದು ನೋಡಲಿಲ್ಲ. ನೋಡದೆಯೇ ಪ್ರತಿ ಸಲ "ಪ್ರೋಸೆಸ್‌ನಲ್ಲಿದೆ" ಅಂದರು. ಆ ಹುಡುಗಿಗೆ ಹಿಡಿದದ್ದು ಎಷ್ಟು ಹೊತ್ತೋ, ಹೆಚ್ಚೆಂದರೆ ಹತ್ತು ನಿಮಿಷ. ನನ್ನ ಹುಡುಗರು ಬರಿ ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಹೋದದ್ದು ಈ ಹತ್ತು ನಿಮಿಷಕ್ಕೆ. ಬೇಕು ಅಂತ ಮೋಸ ಮಾಡಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಸಂಜೆ ಪರ್ಚೇಸ್‌ನವರ ಮೆಸೇಜ್ ಬಂತು. "ಮೇಲ್ ಯಾಕೆ ಹಾಕಿದ್ರಿ ಸಾರ್, ನನಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ." ಇದಕ್ಕೆ ಏನು ಉತ್ತರ ಕೊಡಬೇಕೋ ನೀವೇ ಹೇಳಿ. ಹೆಂಡತಿ ಫೋನ್ ಕಿತ್ತುಕೊಂಡು "ಧನ್ಯವಾದ ಸರ್" ಅಂತ ಕಳಿಸಿದಳು.

15ಕ್ಕೆ ದುಡ್ಡು ಬರುತ್ತದಂತೆ. ಅಕೌಂಟ್ಸ್‌ನವರು ಮೇಲ್‌ನಲ್ಲೇ ಬರೆದು ಕೊಟ್ಟಿದ್ದಾರೆ. ನಿನ್ನೆ ಸ್ಟೀಲ್ ಅಂಗಡಿಯವರು ಫೋನ್ ಮಾಡಿದ್ದರು. ಬಾಯಿ ತಪ್ಪಿ "ಪ್ರೋಸೆಸ್‌ನಲ್ಲಿದೆ ಸೇಠ್" ಅಂದುಬಿಟ್ಟೆ. ಅವರು ಜೋರಾಗಿ ನಕ್ಕು, "ಎರಡು ರೂಪಾಯಿ ಬಡ್ಡಿನೂ ಪ್ರೋಸೆಸ್‌ನಲ್ಲಿದೆ" ಎಂದರು.